ಮಕ್ಕಳು ತಂಗಿಗೆ, ಲೆಕ್ಕ ಮೈದುನನಿಗೆ

ಹೋದ ವರ್ಷ ದಸರಾ ರಜೆಗೆ ಮುಂಚೆ ಒಂದು ರಾತ್ರಿ, ಮಕ್ಕಳು ಮಲಗಿದ ಮೇಲೆ, ನನ್ನ ಟರ್ಮ್ ಇನ್ಶೂರೆನ್ಸ್ ಫಾರ್ಮ್ ತುಂಬುತ್ತಾ ಕೂತಿದ್ದೆ. ನಾಮಿನಿ ಕಾಲಂನಲ್ಲಿ ಇವರ ಹೆಸರು ಹಾಕಿದೆ. ಇರಲಿ ಅಂತ ಅದರ ಕೆಳಗೆ ಮಗಳ ಹೆಸರನ್ನೂ ಹಾಕಿದೆ. ಅವಳ ಹುಟ್ಟಿದ ತಾರೀಖು ಕೊಟ್ಟ ಕೂಡಲೇ ಸ್ಕ್ರೀನ್ ಮೇಲೆ ಹೊಸದೊಂದು ಖಾನೆ ತೆರೆದುಕೊಂಡಿತು. ನಾಮಿನಿ ಮೈನರ್, ಆದ್ದರಿಂದ ಅಪಾಯಿಂಟಿಯ ಹೆಸರು ಬರೆಯಿರಿ. ಅಂದರೆ ನಾವಿಬ್ಬರೂ ಇಲ್ಲದ ದಿನ ಈ ಐವತ್ತು ಲಕ್ಷವನ್ನು ಮಗಳ ಪರವಾಗಿ ಯಾರು ಕೈಗೆ ತಗೋಬೇಕು? ಆ ಖಾನೆ ತುಂಬದೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. ಇವರನ್ನು ಎಬ್ಬಿಸಿ ಕೇಳಿದೆ. "ಅಮ್ಮನ ಹೆಸರು ಹಾಕು" ಅಂದು ಮಗ್ಗುಲು ಬದಲಿಸಿದರು. ಅತ್ತೆಗೆ ಆಗ 67. ಮಗಳಿಗೆ 6, ಮಗನಿಗೆ 2. ಸುಮ್ನೆ ಬೆರಳು ಮಡಚಿ ಲೆಕ್ಕ ಹಾಕಿದೆ. ಮಗನಿಗೆ 18 ತುಂಬುವ ಹೊತ್ತಿಗೆ ಅತ್ತೆಗೆ 83. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆ ಒಂದು ಖಾನೆ ನಮ್ಮನ್ನು ನಾಲ್ಕು ತಿಂಗಳು ಓಡಾಡಿಸಿ ಕೊನೆಗೆ ವಿಲ್ ಬರೆಸುವವರೆಗೂ ತಂದಿತು. ನಮ್ಮ ಮನೆಗಳಲ್ಲಿ ವಿಲ್ ಅಂದರೆ ವಯಸ್ಸಾದವರು ತೋಟ, ಮನೆ, ಸೈಟು ಹಂಚುವುದು. ಮೂವತ್ತು ದಾಟಿದ ಗಂಡ ಹೆಂಡತಿ, ಇನ್ನೂ ಸಾಲ ತೀರದ ಫ್ಲಾಟಿನಲ್ಲಿ ಕೂತು ವಿಲ್ ಮಾಡಿಸುತ್ತೇವೆ ಅಂದರೆ ಕೇಳಿದವರ ಮುಖ ಒಂಥರಾ ಆಗುತ್ತದೆ. ಬಿಡ್ತು ಅನ್ನು ಅನ್ನುತ್ತಾರೆ. ನಾನೂ ಅಂದುಕೊಂಡೇ ಶುರುಮಾಡಿದೆ.

ಅರಸೀಕೆರೆಯ ಜಗಲಿ

ಈ ವಿಷಯ ನನ್ನನ್ನು ಇಷ್ಟು ಕಾಡಿದ್ದಕ್ಕೆ ಬೇರೆ ಕಾರಣ ಇದೆ. ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಕಡೂರಿನ ಹತ್ತಿರ ಒಂದೇ ಅಪಘಾತದಲ್ಲಿ ಹೋದರು. ಅವರ ಇಬ್ಬರು ಹುಡುಗರು ಅರಸೀಕೆರೆಯಲ್ಲಿ ದೊಡ್ಡಪ್ಪನ ಮನೆಗೆ ಬಂದರು. ಯಾರೂ ಕೋರ್ಟಿಗೆ ಹೋಗಲಿಲ್ಲ, ಯಾರೂ ಕಾಗದ ಬರೆಯಲಿಲ್ಲ. ಹದಿಮೂರನೇ ದಿನ ದೊಡ್ಡಪ್ಪ ಇಬ್ಬರ ಬಟ್ಟೆ ಗಂಟು ತಾವೇ ಎತ್ತಿಕೊಂಡು ಬಸ್ ಹತ್ತಿದರು, ಅಷ್ಟೇ. ಚಿಕ್ಕಪ್ಪನ ಕೆಲಸದ ಕಡೆಯಿಂದ, ವಿಮೆಯಿಂದ ಬಂದ ದುಡ್ಡು ದೊಡ್ಡಪ್ಪನ ಕೈಗೆ ಬಂತು. ಆ ದುಡ್ಡಿನಲ್ಲಿ ಹುಡುಗರ ಸ್ಕೂಲ್ ಫೀಸು ಹೋಯಿತು. ಸೋರುತ್ತಿದ್ದ ಮನೆಗೆ ತಾರಸಿ ಬಂತು. ತೋಟಕ್ಕೆ ಬೋರ್‌ವೆಲ್ ಬಂತು. ಆ ಮನೆಯ ಅಕ್ಕನ ಮದುವೆಗೂ ಸ್ವಲ್ಪ ಹೋಯಿತು ಅಂತ ಆಮೇಲೆ ಮಾತು ಬಂತು.

ಒಂದು ಯುಗಾದಿ ದಿನ ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಊಟ ಮುಗಿದು ಗಂಡಸರು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ದೊಡ್ಡ ಹುಡುಗನಿಗೆ ಆಗ ಇಪ್ಪತ್ತೆರಡು. ಕಂಬಕ್ಕೆ ಒರಗಿ ನಿಂತಿದ್ದವನು ಮೆತ್ತಗೆ ಕೇಳಿದ. "ದೊಡ್ಡಪ್ಪ, ಅಪ್ಪನ ದುಡ್ಡು ಒಟ್ಟು ಎಷ್ಟು ಬಂದಿತ್ತು?" ಅಷ್ಟೇ ಕೇಳಿದ್ದು. ದನಿಯಲ್ಲಿ ಜಗಳ ಇರಲಿಲ್ಲ. ಒಳಗಿಂದ ದೊಡ್ಡಮ್ಮ "ಉಂಡ ಅನ್ನಕ್ಕೆ ಲೆಕ್ಕ ಕೇಳ್ತೀಯೇನೋ" ಅಂದರು. ದೊಡ್ಡಪ್ಪ ಏನೂ ಹೇಳಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೋದವರು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಆ ಹುಡುಗ ಮುಂದಿನ ತಿಂಗಳು ಬೆಂಗಳೂರಿಗೆ ಬಂದ. ಆ ಮನೆಗೆ ಮತ್ತೆ ಹೋಗಿದ್ದು ತಮ್ಮನ ಮದುವೆಗೆ.

ಇಷ್ಟು ವರ್ಷ ನಾನು ಈ ಕಥೆಯಲ್ಲಿ ಯಾರ ಕಡೆ ಅಂತ ನನಗೇ ಗೊತ್ತಿರಲಿಲ್ಲ. ದೊಡ್ಡಪ್ಪ ಕಳ್ಳರಲ್ಲ. ಆ ತಾರಸಿಯ ಕೆಳಗೆ ಮಲಗಿದ್ದು ಆ ಹುಡುಗರೂ ಹೌದು. ಬೋರ್‌ವೆಲ್ ನೀರಿನ ತೆಂಗು ಮಾರಿ ಬಂದ ದುಡ್ಡಿನಲ್ಲೇ ಚಿಕ್ಕವನು ಡಿಪ್ಲೊಮಾ ಓದಿದ. ಆದರೆ ಮಗುವಿನ ದುಡ್ಡು ಯಾವುದು, ಮನೆಯ ದುಡ್ಡು ಯಾವುದು ಅಂತ ಗೆರೆ ಎಳೆಯುವವರು ಯಾರೂ ಇರಲಿಲ್ಲ. ಸಾಕುವವರೂ ಅವರೇ, ದುಡ್ಡು ಇಟ್ಟುಕೊಂಡವರೂ ಅವರೇ, ಲೆಕ್ಕ ಕೇಳಬೇಕಾದವರು ಒಂಬತ್ತು ವರ್ಷದ ಮಗು.

ವಕೀಲರು ಕೇಳಿದ ಮೊದಲ ಪ್ರಶ್ನೆ

ಮಲ್ಲೇಶ್ವರದಲ್ಲಿ ಗೆಳತಿಯೊಬ್ಬಳು ಹೇಳಿದ ವಕೀಲರ ಹತ್ತಿರ ಹೋದೆವು. ಹಿರಿಯ ಹೆಂಗಸು, ಜಾಸ್ತಿ ಮಾತಿಲ್ಲ. ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಅನ್ನುವುದನ್ನು ನಾವು ಹೇಳಲು ಶುರು ಮಾಡಿದರೆ, ಅವರು ಕೈ ಎತ್ತಿ ತಡೆದು "ನೀವಿಬ್ಬರೂ ವಿಲ್ ಬರೆಯದೆ ಹೋದರೆ ಏನಾಗುತ್ತೆ ಹೇಳಿ ನೋಡೋಣ" ಅಂದರು. ಎಲ್ಲಾ ಮಕ್ಕಳಿಗೆ ಹೋಗುತ್ತೆ ಅಲ್ವಾ ಅಂದೆ. ಹೋಗುತ್ತೆ, ಆದರೆ ಹೇಗೆ ಹೋಗುತ್ತೆ ಅನ್ನುವುದೇ ತೊಂದರೆ ಅಂದರು. (ನಮ್ಮದು ಹಿಂದೂ ಕಾನೂನಿಗೆ ಬರುವ ಮನೆ. ಮುಸ್ಲಿಂ, ಕ್ರೈಸ್ತ ಗೆಳೆಯರಿಗೆ ಗಾರ್ಡಿಯನ್ ಮತ್ತು ವಾರಸಿನ ನಿಯಮ ಬೇರೆ. ಇಲ್ಲಿ ಬರೆದದ್ದನ್ನು ಹಾಗೇ ಎತ್ತಿಕೊಳ್ಳಬೇಡಿ.)

ವಿಲ್ ಇಲ್ಲದೆ ಇವರು ತೀರಿಕೊಂಡರೆ ಇವರ ಆಸ್ತಿಗೆ ಮೊದಲ ಸಾಲಿನ ವಾರಸುದಾರರು ನಾನು, ಇಬ್ಬರು ಮಕ್ಕಳು ಮತ್ತು ನಮ್ಮ ಅತ್ತೆ. ನಾಲ್ಕು ಸಮ ಪಾಲು. ಇಬ್ಬರೂ ಒಟ್ಟಿಗೇ ಹೋಗಿ, ಯಾರು ಮೊದಲು ಅಂತ ಹೇಳಲಾಗದಿದ್ದರೆ, ಚಿಕ್ಕವರು ಆಮೇಲೆ ತೀರಿಕೊಂಡರು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 21ನೇ ಸೆಕ್ಷನ್ ಲೆಕ್ಕ ಹಾಕಿಕೊಳ್ಳುತ್ತದೆ. ಇವರಿಗಿಂತ ನಾನು ಮೂರು ವರ್ಷ ಚಿಕ್ಕವಳು. ಆದ್ದರಿಂದ ಕಾನೂನಿನ ಕಣ್ಣಿಗೆ ಇವರ ಆಸ್ತಿಯಲ್ಲಿ ನನ್ನ ಕಾಲು ಪಾಲು ಒಂದು ಕ್ಷಣ ನನಗೆ ಬಂದು, ಆಮೇಲೆ ನನ್ನಿಂದ ಮಕ್ಕಳಿಗೆ ಹೋಗುತ್ತದೆ. ಕೇಳುವಾಗ ವಿಚಿತ್ರ ಅನ್ನಿಸಿತು. ಈಗ ನಮ್ಮ ಎರಡೂ ವಿಲ್‌ಗಳಲ್ಲಿ "ನನಗಿಂತ 30 ದಿನ ಹೆಚ್ಚು ಬದುಕಿದ್ದರೆ ಮಾತ್ರ" ಸಂಗಾತಿಗೆ ಅನ್ನುವ ಒಂದು ಸಾಲು ಇರುವುದು ಇದೇ ಕಾರಣಕ್ಕೆ. ಇಲ್ಲದಿದ್ದರೆ ನೇರವಾಗಿ, ಮುಂದೆ ಹೇಳುವ ಮಕ್ಕಳ ಟ್ರಸ್ಟಿಗೆ.

ವಿಲ್ ಇಲ್ಲದೆ ಹೀಗೆ ಪಾಲು ಬಂದರೆ ಅದು ಮಗುವಿನ ಸ್ವಂತ ಹೆಸರಿಗೆ ಬರುತ್ತದೆ. ಅಲ್ಲಿಂದ ನಿಜವಾದ ಫಜೀತಿ. ಮೈನರ್ ಹೆಸರಿನಲ್ಲಿರುವ ಮನೆಯನ್ನು ಹೆತ್ತ ತಾಯಿ ಕೂಡ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಲೀಸ್‌ಗೆ ಕೊಡುವಂತಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 8ನೇ ಸೆಕ್ಷನ್ ಇದು. ಇನ್ನು ಅಜ್ಜಿ, ಚಿಕ್ಕಮ್ಮ, ದೊಡ್ಡಪ್ಪ ಬರೀ ಪ್ರೀತಿಯಿಂದ ಸಾಕಿಕೊಂಡಿದ್ದರೆ ಅವರಿಗೆ ಮಗುವಿನ ಆಸ್ತಿ ಮುಟ್ಟುವ ಹಕ್ಕೇ ಇಲ್ಲ. ಅಂದರೆ ನಮ್ಮ ಫ್ಲಾಟಿನ ಕಂತು ಕಟ್ಟಲಾಗದೆ ಮಾರೋಣ ಅಂದುಕೊಂಡರೆ ಮೊದಲು ಯಾರಾದರೂ ಗಾರ್ಡಿಯನ್ ಆಗಲು ಕೋರ್ಟಿಗೆ ಅರ್ಜಿ ಹಾಕಬೇಕು, ಆಮೇಲೆ ಮಾರಲು ಅನುಮತಿ ಕೇಳಬೇಕು. ಅಷ್ಟರಲ್ಲಿ ಇಎಂಐ ನಿಲ್ಲುವುದಿಲ್ಲ. ಇನ್ನೊಂದು ಕಡೆ, 18 ತುಂಬಿದ ಬೆಳಗ್ಗೆ ಎಲ್ಲಾ ದುಡ್ಡು ಒಟ್ಟಿಗೆ ಮಗುವಿನ ಕೈಗೆ. ಪಿಯುಸಿ ಮುಗಿಸಿದ ಹುಡುಗನ ಕೈಗೆ ಒಂದು ಕೋಟಿ. ನನ್ನ 18ನೇ ವರ್ಷ ನೆನಪಾಗಿ ನಗು ಬಂತು, ಆಮೇಲೆ ಬರಲಿಲ್ಲ.

ಟ್ರಸ್ಟ್ ಬೇಕಾಗುವುದು ಇಲ್ಲಿ. ಟ್ರಸ್ಟ್ ಅಂದರೆ ನನಗೆ ಕಣ್ಣ ಮುಂದೆ ಬರುತ್ತಿದ್ದದ್ದು ಮಠ, ಕಾಲೇಜು. ವಿಲ್‌ನಲ್ಲೇ ನಾಲ್ಕು ಪುಟ ಬರೆದು ಟ್ರಸ್ಟ್ ಮಾಡಬಹುದು, ಈಗ ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಕಿಲ್ಲ, ನಾವು ಹೋದ ಮೇಲೆ ಮಾತ್ರ ಅದಕ್ಕೆ ಜೀವ ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಆಸ್ತಿ ಮಗುವಿನ ಹೆಸರಿಗೆ ಹೋಗುವುದಿಲ್ಲ. ಅದನ್ನು ನೋಡಿಕೊಳ್ಳಲು ನಾವು ಹೆಸರಿಸಿದ ಟ್ರಸ್ಟಿಗಳ ಹೆಸರಿಗೆ ಹೋಗುತ್ತದೆ, ಮಗುವಿನ ಒಳಿತಿಗಾಗಿ. ಆದ್ದರಿಂದ ವಿಲ್‌ನಲ್ಲಿ ಮಾರುವ ಅಧಿಕಾರ ಕೊಟ್ಟಿದ್ದರೆ ಟ್ರಸ್ಟಿ ಫ್ಲಾಟ್ ಮಾರಿ ಸಾಲ ತೀರಿಸಬಹುದು, 8ನೇ ಸೆಕ್ಷನ್ನಿನ ಅನುಮತಿಗೆ ಕಾಯಬೇಕಿಲ್ಲ.

ಗಾರ್ಡಿಯನ್ ಯಾರು

ಇದನ್ನು ನಾವು ಒಂದೇ ಸಂಜೆಯಲ್ಲಿ ತೀರ್ಮಾನಿಸಿದೆವು, ಆದರೆ ಅತ್ತೆಗೆ ಹೇಳಲು ಒಂದು ತಿಂಗಳು ತೆಗೆದುಕೊಂಡೆವು. ನನ್ನ ತಂಗಿ ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಅವಳಿಗೆ ಮಗಳ ವಯಸ್ಸಿನ ಒಬ್ಬ ಮಗ. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಅಲ್ಲಿ ನಮ್ಮನ್ನು ಮರೆತೇ ಬಿಡುತ್ತಾರೆ. ಇವರ ಅಕ್ಕ ಅಮೆರಿಕದಲ್ಲಿದ್ದಾರೆ, ದೊಡ್ಡ ಮನೆ, ಮಕ್ಕಳ ಮೇಲೆ ಜೀವ. ಆದರೆ ವಿಲ್‌ನಲ್ಲಿ ಗಾರ್ಡಿಯನ್ ಅಂತ ಹೆಸರಿದ್ದರೆ ಸಾಕು, ಮಗುವಿಗೆ ಅಲ್ಲಿನ ವೀಸಾ ಸಿಗುತ್ತದೆ ಅನ್ನುವುದು ತಪ್ಪು. ಅದಕ್ಕೆ ದತ್ತು, ಕೋರ್ಟು ಅಂತ ಬೇರೆಯೇ ದಾರಿ ಹಿಡಿಯಬೇಕು. ಅಲ್ಲಿಯವರೆಗೆ ಮಕ್ಕಳು ಯಾರ ಮನೆಯಲ್ಲಿ? ಅಲ್ಲಿಗೆ ಆ ಮಾತು ನಿಂತಿತು.

ಇಬ್ಬರೂ ಒಬ್ಬರನ್ನೇ ಹೆಸರಿಸಬೇಕು ಅಂತ ವಕೀಲರು ಒತ್ತಿ ಹೇಳಿದರು. ಅದೇ 1956ರ ಕಾಯ್ದೆಯ 9ನೇ ಸೆಕ್ಷನ್ ಓದಿದರೆ ಏಕೆ ಅಂತ ಗೊತ್ತಾಗುತ್ತದೆ. ತಂದೆ ವಿಲ್‌ನಲ್ಲಿ ಗಾರ್ಡಿಯನ್ ಹೆಸರಿಸಬಹುದು. ಆದರೆ ತಾಯಿ ಬದುಕಿದ್ದರೆ ಆ ಹೆಸರಿಗೆ ಬೆಲೆ ಇಲ್ಲ, ತಾಯಿಯೇ ಗಾರ್ಡಿಯನ್. ಆಮೇಲೆ ತಾಯಿ ತನ್ನ ವಿಲ್‌ನಲ್ಲಿ ಯಾರನ್ನೂ ಹೆಸರಿಸದೆ ತೀರಿಕೊಂಡರೆ ಮಾತ್ರ ತಂದೆ ಹೇಳಿದ ಹೆಸರು ಮತ್ತೆ ಎದ್ದು ಬರುತ್ತದೆ. ತಾಯಿಯ ಬಗ್ಗೆ ಆ ಸೆಕ್ಷನ್ ಮಾತಾಡುವುದು ಮುಖ್ಯವಾಗಿ ವಿಧವೆ ಅಂತ. 1956ರ ಕಣ್ಣು ಅದು. (1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಂದೆಯ "ನಂತರ" ತಾಯಿ ಅನ್ನುವ ಪದಕ್ಕೆ ತಂದೆಯ "ಗೈರಿನಲ್ಲಿ" ಅಂತ ಅರ್ಥ ಕೊಟ್ಟು ಸ್ವಲ್ಪ ಸರಿಮಾಡಿತು. ಪೂರ್ತಿ ಸರಿಯಾಗಿಲ್ಲ ಅಂತ ನನ್ನ ಅನಿಸಿಕೆ.) ಇವರು ಒಬ್ಬರನ್ನು, ನಾನು ಇನ್ನೊಬ್ಬರನ್ನು ಬರೆದಿದ್ದರೆ ಯಾರು ಮೊದಲು ಹೋದರು ಅನ್ನುವುದರ ಮೇಲೆ ಮಕ್ಕಳ ಮನೆ ನಿರ್ಧಾರ ಆಗುತ್ತಿತ್ತು. ಎರಡೂ ಕಾಗದದಲ್ಲಿ ಒಂದೇ ಹೆಸರಿದ್ದರೆ ಆ ತಕರಾರೇ ಇಲ್ಲ. ತಂಗಿ, ತಂಗಿಯಿಂದ ಆಗದಿದ್ದರೆ ಮೈದುನನ ಹೆಂಡತಿ.

ತಂಗಿ ಮತ್ತು ಅವಳ ಗಂಡ ಅಂತ ಜೋಡಿ ಹೆಸರು ಬರೆಯೋಣ ಅಂದೆ, ಮರ್ಯಾದೆಗೆ. ವಕೀಲರು ಬೇಡ ಅಂದರು. ಆ ಇಬ್ಬರೂ ನಾಳೆ ಬೇರೆಯಾದರೆ ನಿಮ್ಮ ಮಕ್ಕಳ ಮೇಲೂ ಎರಡು ಕಡೆಯ ಹಕ್ಕು ಶುರುವಾಗುತ್ತೆ ಅಂದರು. ಕೆಟ್ಟ ಮಾತು, ಆದರೆ ಸರಿ. ಇಷ್ಟೆಲ್ಲ ಬರೆದರೂ ಯಾರಾದರೂ ಪ್ರಶ್ನೆ ಮಾಡಿದರೆ ಕೋರ್ಟ್ ನೋಡುವುದು ಮಗುವಿನ ಒಳಿತನ್ನೇ. ನಮ್ಮ ವಿಲ್ ಅಲ್ಲಿ ತೂಕದ ಮಾತು, ಆದರೆ ಕೊನೆಯ ಮಾತಲ್ಲ.

ಅತ್ತೆಗೆ ಹೇಳಿದ ದಿನ ಅವರು ಹಪ್ಪಳ ಒತ್ತುತ್ತಿದ್ದರು. ತಲೆ ಎತ್ತದೆ "ನಾನಿರಲ್ವಾ" ಅಂದರು. ಇವರು 83ರ ಲೆಕ್ಕ ಹೇಳಿದರು. ಹೇಳಬಾರದಿತ್ತು. ಸ್ವಲ್ಪ ಹೊತ್ತು ಲಟ್ಟಣಿಗೆ ಸದ್ದು ಮಾತ್ರ. ಆಮೇಲೆ "ರಜೆಗೆ ನನ್ನ ಹತ್ರ ಕಳಿಸಬೇಕು ಅಂತ ಅದರಲ್ಲಿ ಬರೆಸು" ಅಂದರು. ಬರೆಸಿದ್ದೇವೆ. ವಿಲ್ ಇಲ್ಲದಿದ್ದರೆ ಅವರಿಗೆ ಸಿಗಬೇಕಿದ್ದ ಪಾಲಿನ ಬದಲು ಅವರ ಹೆಸರಿಗೆ ಒಂದಿಷ್ಟು ಎಫ್‌ಡಿಯನ್ನೂ ಬರೆದಿದ್ದೇವೆ. ಆ ಮಾತನ್ನು ಮಾತ್ರ ಇನ್ನೂ ಅವರಿಗೆ ಹೇಳಿಲ್ಲ.

"ಪ್ರತಿ ಸಲ ಕೈ ಚಾಚಬೇಕಾ?"

ದುಡ್ಡು ನೋಡಿಕೊಳ್ಳಲು ಇವರ ತಮ್ಮ. ಮೈಸೂರಿನಲ್ಲಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಹತ್ತು ರೂಪಾಯಿ ಖರ್ಚನ್ನೂ ಬರೆದಿಡುವ ಮನುಷ್ಯ. ನಾವೆಲ್ಲ ಅದಕ್ಕೆ ಅವನನ್ನು ಆಡಿಕೊಂಡು ನಕ್ಕಿದ್ದೇವೆ. ಅವನ ಜೊತೆ ಇವರ ಕಾಲೇಜಿನ ಗೆಳೆಯ, ಚಾರ್ಟರ್ಡ್ ಅಕೌಂಟೆಂಟ್. ಇಬ್ಬರು ಟ್ರಸ್ಟಿಗಳಿದ್ದರೆ ಸಾಮಾನ್ಯವಾಗಿ ಇಬ್ಬರೂ ಸೇರಿಯೇ ಸಹಿ ಹಾಕಬೇಕು. ಒಬ್ಬನೇ ತೆಗೆಯಲಾಗದು ಅನ್ನುವುದು ಒಳ್ಳೆಯದು, ಒಬ್ಬ ಊರಿನಲ್ಲಿ ಇಲ್ಲದಿದ್ದರೆ ಫೀಸ್ ನಿಂತುಹೋಗುತ್ತದೆ ಅನ್ನುವುದು ಕೆಟ್ಟದ್ದು. ಅದಕ್ಕೆ ಒಂದು ಲಕ್ಷದವರೆಗೆ ಯಾರೊಬ್ಬರ ಸಹಿಯೂ ಸಾಕು ಅಂತ ಬರೆಸಿದೆವು. ಟ್ರಸ್ಟಿಗೆ ಸಂಬಳ ಬರೆಯದಿದ್ದರೆ ಅವರು ಕೇಳುವಂತಿಲ್ಲ, ಆದ್ದರಿಂದ ಆ ಗೆಳೆಯನಿಗೆ ವರ್ಷಕ್ಕೆ ಒಂದು ಮೊತ್ತವನ್ನೂ ಬರೆದೆವು. ಹತ್ತೊಂಬತ್ತು ವರ್ಷ ಬಿಟ್ಟಿ ಕೆಲಸ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ.

ಹೀಗೆ ಎಲ್ಲಾ ಅಚ್ಚುಕಟ್ಟಾಯಿತು ಅಂದುಕೊಂಡು ಶಿವಮೊಗ್ಗಕ್ಕೆ ಹೋಗಿ ತಂಗಿಗೆ ಹೇಳಿದೆವು. ಅವಳು ಒಂದು ಮಾತೂ ಆಡದೆ ಒಪ್ಪಿಕೊಂಡಳು. ಕಣ್ಣೊರೆಸಿಕೊಂಡಳು. ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳಿದಳು. "ಅಕ್ಕಾ, ಒಂದು ಶೂ ತಗೊಳ್ಳೋಕೂ ಪ್ರತಿ ಸಲ ನಿನ್ನ ಮೈದುನನ ಹತ್ರ ಕೈ ಚಾಚಬೇಕಾ?" ನಾನು ನಲ್ಲಿ ನಿಲ್ಲಿಸಿದೆ. ದೊಡ್ಡಪ್ಪನ ಕಥೆಯ ಹೆದರಿಕೆಯಲ್ಲಿ ನಾನು ಇನ್ನೊಂದು ತುದಿಗೆ ಹೋಗಿದ್ದೆ. ಮಕ್ಕಳ ಜ್ವರಕ್ಕೆ ಎದ್ದು ಕೂರುವವಳು ಅವಳು, ಬಿಲ್ ನೋಡಿ ಹುಬ್ಬು ಗಂಟಿಕ್ಕುವವನು ಅವನು. ಇಬ್ಬರೂ ಒಳ್ಳೆಯವರೇ. ಹೀಗೇ ಬಿಟ್ಟಿದ್ದರೆ ಎರಡು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅವಳು ಮುಂದುವರಿಸಿದಳು. ಅವಳದು ಎರಡು ರೂಮಿನ ಮನೆ. ಇನ್ನೆರಡು ಮಕ್ಕಳು ಬಂದರೆ ಮೇಲೆ ಒಂದು ರೂಮು ಕಟ್ಟಬೇಕು. ಅದು ಯಾರ ದುಡ್ಡು? ಎಲ್ಲರೂ ಪ್ರವಾಸ ಹೋದರೆ ನಮ್ಮ ಮಗಳ ಟಿಕೆಟ್ ಟ್ರಸ್ಟಿನದು, ಅವಳ ಮಗನ ಟಿಕೆಟ್ ಅವಳದು ಅಂತ ಲೆಕ್ಕವಾ? ನಮ್ಮ ಮಕ್ಕಳು ದೊಡ್ಡ ಸ್ಕೂಲಿಗೆ, ಅವಳ ಮಗ ಬೇರೆ ಸ್ಕೂಲಿಗೆ, ಒಂದೇ ಮನೆಯಿಂದ ಎರಡು ಬಸ್ಸಾ? ದೊಡ್ಡಪ್ಪನ ತಾರಸಿ ಅಲ್ಲಿಯೇ ಮತ್ತೆ ಎದ್ದು ನಿಂತಿತು. ಆ ತಾರಸಿ ಹಾಕಿದ್ದು ತಪ್ಪಾಗಿರಲಿಲ್ಲ. ಹಾಕಬಹುದು ಅಂತ ಯಾರೂ ಬರೆದಿರಲಿಲ್ಲ, ಹಾಕಿದ್ದು ಇಷ್ಟಕ್ಕೆ ಅಂತಲೂ ಯಾರೂ ಬರೆದಿರಲಿಲ್ಲ.

ವಾಪಸ್ ಬಂದು ಆ ನಾಲ್ಕು ಪುಟ ಪೂರ್ತಿ ತಿದ್ದಿಸಿದೆವು. ಈಗ ಅದರಲ್ಲಿರುವುದು ಇಷ್ಟು. ಪ್ರತಿ ತಿಂಗಳು 35,000 ರೂಪಾಯಿ ಯಾರೂ ಕೇಳದೆ, ಬಿಲ್ ತೋರಿಸದೆ ತಂಗಿಯ ಖಾತೆಗೆ ಹೋಗುತ್ತದೆ. ವರ್ಷಕ್ಕೆ ಶೇಕಡಾ 7ರಂತೆ ಏರುತ್ತದೆ. ಏರಿಕೆ ಬರೆಯದಿದ್ದರೆ ಏನಾಗುತ್ತಿತ್ತು ಅಂದರೆ, ಹತ್ತು ವರ್ಷಕ್ಕೆ ಈ ಲೆಕ್ಕದಲ್ಲಿ ಸುಮಾರು 68,850 ಆಗಬೇಕಾದದ್ದು 35,000ದಲ್ಲೇ ನಿಂತಿರುತ್ತಿತ್ತು. ಸ್ಕೂಲ್ ಫೀಸ್ ಮತ್ತು ಆಸ್ಪತ್ರೆ ಬಿಲ್ ಟ್ರಸ್ಟಿಗಳೇ ನೇರ ಕಟ್ಟುತ್ತಾರೆ. ಅದಕ್ಕಿಂತ ದೊಡ್ಡದು ಏನೇ ಇದ್ದರೂ ತಂಗಿ ಒಂದು ಮೆಸೇಜ್ ಹಾಕಿದರೆ 15 ದಿನದಲ್ಲಿ ಹೌದು ಅಥವಾ ಇಲ್ಲ ಹೇಳಬೇಕು, ಇಲ್ಲ ಅಂದರೆ ಕಾರಣ ಬರೆಯಬೇಕು. ಅವಳ ಮನೆಗೆ ರೂಮು ಕಟ್ಟಲು ಒಂದು ಮಿತಿಯವರೆಗೆ ಖರ್ಚು ಮಾಡಬಹುದು, ಅದನ್ನು ವಾಪಸ್ ಕೊಡಬೇಕಿಲ್ಲ. ಅದರಿಂದ ಅವಳ ಮಗನಿಗೂ ಅನುಕೂಲ ಆದರೆ ಅದು ತಪ್ಪಲ್ಲ. ಈ ಕೊನೆಯ ಮಾತನ್ನು ಸ್ಪಷ್ಟವಾಗಿ ಬರೆಯದಿದ್ದರೆ ಟ್ರಸ್ಟಿ ಮನಸ್ಸಿದ್ದರೂ ಕೊಡಲು ಹೆದರುತ್ತಾನೆ. ಟ್ರಸ್ಟಿನ ದುಡ್ಡನ್ನು ಬೇರೆಯವರ ಅನುಕೂಲಕ್ಕೆ ಖರ್ಚು ಮಾಡಿದ ಅಂತ ನಾಳೆ ಅವನ ಕುತ್ತಿಗೆಗೇ ಬರಬಹುದು. ಇದಕ್ಕೆಲ್ಲ ಬದಲಾಗಿ ಟ್ರಸ್ಟಿಗಳು ಪ್ರತಿ ಏಪ್ರಿಲ್‌ನಲ್ಲಿ ಒಂದು ಪುಟದ ಲೆಕ್ಕವನ್ನು ತಂಗಿಗೆ ಕೊಡಬೇಕು, ಮಗಳಿಗೆ 16 ತುಂಬಿದ ಮೇಲೆ ಅವಳಿಗೂ.

ದುಡ್ಡನ್ನು ಇಬ್ಬರು ಮಕ್ಕಳಿಗೆ ಈಗಲೇ ಅರ್ಧರ್ಧ ಮಾಡಿಲ್ಲ. ಒಂದೇ ಡಬ್ಬಿ. ಯಾರಿಗೆ ಎಷ್ಟು ಬೇಕೋ ಅಷ್ಟು. ಒಬ್ಬರಿಗೆ ದೊಡ್ಡ ಕಾಯಿಲೆ ಬಂದರೆ ಇನ್ನೊಬ್ಬರ ಪಾಲು ಅಂತ ಕೈ ಕಟ್ಟಿ ಕೂರಬಾರದು ಅಲ್ವಾ. ಮಗನಿಗೆ 21 ತುಂಬಿದ ಮೇಲೆ ಉಳಿದದ್ದು ಎರಡು ಪಾಲು. ಇಲ್ಲಿ ವಕೀಲರು ಒಂದು ಸಾಲು ಹೊಡೆದು ಹಾಕಿದರು. ನಾನು "ಆಸ್ತಿ ಮಕ್ಕಳಿಗೆ ಸೇರಿದ್ದು, 21ಕ್ಕೆ ಕೊಡತಕ್ಕದ್ದು" ಅಂತ ಬರೆದಿದ್ದೆ. ಹೀಗೆ ಬರೆದರೆ ಅದು ಈಗಾಗಲೇ ಅವರದ್ದಾಯಿತು, ಕೊಡುವುದು ಮಾತ್ರ ತಡ. ಆಗ ಇಬ್ಬರಿಗೂ 18 ತುಂಬಿದ ಕೂಡಲೇ ಒಟ್ಟಾಗಿ ಬಂದು ನಮ್ಮದು ನಮಗೆ ಕೊಡಿ ಅಂದರೆ ಟ್ರಸ್ಟಿ ಕೊಡಬೇಕಾಗುತ್ತದೆ, ಭಾರತೀಯ ಟ್ರಸ್ಟ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ. "21 ತುಂಬಿದರೆ ಮಾತ್ರ ಅವರಿಗೆ ಸೇರುತ್ತದೆ" ಅಂತ ತಿದ್ದಿದರು. ಎರಡು ಮಾತಿನ ನಡುವೆ ನನಗೆ ಕಂಡ ವ್ಯತ್ಯಾಸ ಕೂದಲೆಳೆಯಷ್ಟು.

ವಿಲ್ ಕೈಗೆ ಸಿಗುವುದು ಎಷ್ಟು

ಕೊನೆಯ ಸಲ ಹೋದಾಗ ವಕೀಲರು ನಮ್ಮ ಆಸ್ತಿ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಫ್ಲಾಟಿಗೆ ಅಂದಾಜು 85 ಲಕ್ಷ, ಅದರ ಮೇಲೆ ಸಾಲ ಇನ್ನೂ 43. ಉಳಿದದ್ದು 42 ಲಕ್ಷ. ಮ್ಯೂಚುವಲ್ ಫಂಡ್, ಎಫ್‌ಡಿ ಸೇರಿ 16. ಒಟ್ಟು 58 ಲಕ್ಷ ಗೆರೆಯ ಮೇಲೆ. ಗೆರೆಯ ಕೆಳಗೆ ಇವರ ಒಂದು ಕೋಟಿಯ ಪಾಲಿಸಿ, ನನ್ನ ಐವತ್ತು ಲಕ್ಷದ್ದು, ಇಬ್ಬರ ಪಿಎಫ್ 14 ಲಕ್ಷ. ಒಂದು ಕೋಟಿ 64 ಲಕ್ಷ. "ನೀವು ನಾಲ್ಕು ತಿಂಗಳು ತಿದ್ದಿದ ಟ್ರಸ್ಟಿಗೆ ಮೇಲಿನದು ಬರುತ್ತೆ. ಕೆಳಗಿನದು ಫಾರ್ಮ್‌ನಲ್ಲಿ ಏನು ತುಂಬಿದ್ದೀರೋ ಹಾಗೆ ಹೋಗುತ್ತೆ" ಅಂದರು. ಅಂದರೆ ಕಾಲು ಭಾಗಕ್ಕೆ ನಾವು ಇಷ್ಟು ಒದ್ದಾಡಿದ್ದು.

ನಾಮಿನಿ ಅಂದರೆ ಬರೀ ದುಡ್ಡು ಇಸ್ಕೊಳ್ಳುವವರು, ಹಕ್ಕು ವಾರಸುದಾರರದ್ದೇ ಅಂತ ಎಲ್ಲರೂ ಹೇಳುತ್ತಾರೆ. ಬಹುತೇಕ ಕಡೆ ಅದು ನಿಜ. ಆದರೆ ವಿಮಾ ಕಾಯ್ದೆಗೆ 2015ರ ತಿದ್ದುಪಡಿ ಆದ ಮೇಲೆ ಜೀವವಿಮೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ ದುಡ್ಡು ಅವರದೇ. ಅಂದರೆ ನಾನು ಆ ರಾತ್ರಿ ಮಗಳ ಹೆಸರು ಹಾಕಿ, ಅಪಾಯಿಂಟಿ ಖಾನೆಯಲ್ಲಿ ಅತ್ತೆಯ ಹೆಸರು ಹಾಕಿದ್ದರೆ ಐವತ್ತು ಲಕ್ಷ ಅತ್ತೆಯ ಕೈಗೆ ಬಂದು, ಮಗಳಿಗೆ 18ಕ್ಕೆ ಪೂರ್ತಿ ಹೋಗುತ್ತಿತ್ತು. ಮಗನಿಗೆ ಅದರಲ್ಲಿ ಏನೂ ಇಲ್ಲ. ಟ್ರಸ್ಟಿಗೆ ಅದನ್ನು ಮುಟ್ಟುವ ಹಕ್ಕಿಲ್ಲ. ಇದು ನಾನು ಬುದ್ಧಿವಂತಿಕೆ ಅಂದುಕೊಂಡು ಮಾಡಲಿದ್ದ ಕೆಲಸ.

ಈಗ ಪಾಲಿಸಿಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಮಾತ್ರ ನಾಮಿನಿ. ಮಕ್ಕಳ ಹೆಸರು ತೆಗೆಸಿದೆವು. ಇಬ್ಬರೂ ಹೋದರೆ ದುಡ್ಡು ನಮ್ಮ ವಾರಸಿಗೆ ಬಿದ್ದು ಅಲ್ಲಿಂದ ವಿಲ್ ಹಿಡಿದು ಟ್ರಸ್ಟಿಗೆ ಬರುತ್ತದೆ. ಇದರಲ್ಲಿ ನಷ್ಟವೂ ಇದೆ. ಬದುಕಿರುವ ನಾಮಿನಿ ಇದ್ದರೆ ಬೇಗ ಸಿಗುವ ದುಡ್ಡು, ಹೀಗೆ ಮಾಡಿದರೆ ಕಾಗದ ಪತ್ರ, ಕೋರ್ಟು ಅಂತ ತಿಂಗಳುಗಟ್ಟಲೆ ತಡ ಆಗಬಹುದು. ಅದಕ್ಕೆ ಮೊದಲ ಕೆಲವು ತಿಂಗಳ ಖರ್ಚಿಗೆ ಅಂತ ತಂಗಿಯ ಹೆಸರು ಜಂಟಿಯಾಗಿರುವ ಖಾತೆಯಲ್ಲಿ ಮೂರು ಲಕ್ಷ ಇಟ್ಟಿದ್ದೇವೆ. ಇವರು ಹೊಸ ಪಾಲಿಸಿ ತೆಗೆದುಕೊಳ್ಳುವುದಾದರೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಳ್ಳಬಹುದಿತ್ತು. ಆಗ ಪಾಲಿಸಿಯೇ ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟ್ ಆಗುತ್ತದೆ, ಟ್ರಸ್ಟಿಯನ್ನೂ ಅಲ್ಲೇ ಹೆಸರಿಸಬಹುದು, ಸಾಲ ಕೊಟ್ಟವರೂ ಮುಟ್ಟುವಂತಿಲ್ಲ. ಆದರೆ ಪಾಲಿಸಿ ತೆಗೆದುಕೊಳ್ಳುವ ದಿನವೇ ಕೇಳಬೇಕು, ಹಳೆಯದಕ್ಕೆ ಆಗುವುದಿಲ್ಲ. ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗೆ ಮಾಡುವಂಥದ್ದು ಅದು. ಹೆಂಡತಿ ಗಂಡನಿಗೆ ಮಾಡುವಂತಿಲ್ಲ.

ಸಹಿಯ ದಿನ ಹೇಳುವಂಥದ್ದು ಜಾಸ್ತಿ ಏನೂ ಇರಲಿಲ್ಲ. ಒಂದೇ ಕಾಗದದಲ್ಲಿ ಜಂಟಿ ವಿಲ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಒಬ್ಬರು ಹೋದ ಮೇಲೆ ಉಳಿದವರು ಬದಲಿಸಬಹುದೇ ಇಲ್ಲವೇ ಅಂತ ತಕರಾರು ಏಳುತ್ತದೆ. ಎರಡು ವಿಲ್, ಮಾತು ಒಂದೇ. ಸಾಕ್ಷಿಗೆ ನಮ್ಮ ಮಹಡಿಯ ಇಬ್ಬರು. ಇಬ್ಬರೂ ನಮಗಿಂತ ಚಿಕ್ಕವರು, ವಿಲ್‌ನಲ್ಲಿ ಅವರಿಗೆ ಏನೂ ಇಲ್ಲ. ನಾಳೆ ವಿಲ್ ನಿಜವೆಂದು ತೋರಿಸಲು ಸಾಮಾನ್ಯವಾಗಿ ಒಬ್ಬ ಸಾಕ್ಷಿಯಾದರೂ ಬದುಕಿದ್ದು ಬಂದು ಹೇಳಬೇಕಾಗುತ್ತದೆ, ಆದ್ದರಿಂದ ಸಾಕ್ಷಿಗೆ ಹಿರಿಯರನ್ನು ಕರೆಯುವ ನಮ್ಮ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ. ವಿಲ್‌ಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು, ಕಳೆದುಹೋದರೆ ಅನ್ನುವ ಭಯಕ್ಕೆ. ಸರತಿಯಲ್ಲಿ ನಿಂತಾಗ ಮುಂದಿದ್ದ ಅಜ್ಜ ತಿರುಗಿ ನೋಡಿ "ನಿಮ್ಮ ಅಪ್ಪಾಜಿದಾ?" ಅಂತ ಕೇಳಿದರು. ಇಲ್ಲ, ನಮ್ಮದೇ ಅಂದೆ. ಅವರು ಮತ್ತೆ ತಿರುಗಿ ನೋಡಲಿಲ್ಲ.

ಹೋದ ಭಾನುವಾರ ಗೆರೆಯ ಕೆಳಗಿನ ಪಟ್ಟಿಗೆ ಒಂದೊಂದೇ ಟಿಕ್ ಹಾಕುತ್ತಾ ಬಂದೆ. ಪಾಲಿಸಿ ಎರಡೂ ಆಯಿತು. ನನ್ನ ಪಿಎಫ್ ಆಯಿತು. ಇವರದು ತೆಗೆದು ನೋಡಿದರೆ ಹಿಂದಿನ ಕಂಪನಿಯಲ್ಲಿ ಮದುವೆಗೆ ಮುಂಚೆ ತುಂಬಿದ ಫಾರ್ಮ್ ಹಾಗೇ ಇದೆ. ನಾಮಿನಿ ನಮ್ಮ ಮಾವ. ಅವರು ತೀರಿಕೊಂಡು ಮೂರು ವರ್ಷ. ಇವರಿಗೆ ತೋರಿಸಿದೆ. "ಈ ವಾರ ಮಾಡ್ತೀನಿ" ಅಂದರು. ಇವತ್ತು ಶನಿವಾರ.